ಕಣ್ಣಿನೊಳಗಿನ ಪರದೆ ಅಲುಗಾಡುವುದಿಲ್ಲ

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸು. ಬೆಳಕು ಮತ್ತು ಕಣ್ಣಿನ ಪಾಠದ ಮೇಲೆ ಕಿರುಪರೀಕ್ಷೆ ಇತ್ತು, 10ಕ್ಕೆ 3 ಬಂದಿದೆ. ಬಾಯಲ್ಲಿ ಕೇಳಿದರೆ ಎಲ್ಲಾ ಹೇಳುತ್ತಾಳೆ, ಬರೆದರೆ ಅಂಕ ಇಲ್ಲ. ಮಸೂರದ ಲೆಕ್ಕ ತಪ್ಪು, ಕಣ್ಣಿನ ಪ್ರಶ್ನೆ ತಪ್ಪು, ಕನ್ನಡಕದ ಪವರ್ ಲೆಕ್ಕವೂ ತಪ್ಪು. ಅವಳೇ −1.25 ಕನ್ನಡಕ ಹಾಕುತ್ತಾಳೆ ಸರ್! ಉತ್ತರ ಪತ್ರಿಕೆಯ ಫೋಟೋ ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದಾಳೆ, ಹೇಗೆ ಬರೆಯಬೇಕು?

ಉತ್ತರ: ಫೋಟೋ ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ. ಹುಡುಗಿ ಓದಿಲ್ಲ ಅನ್ನುವ ಹಾಗಿಲ್ಲ. ಅವಳ ತಪ್ಪುಗಳಿಗೂ ಒಂದು ಲೆಕ್ಕಾಚಾರ ಇದೆ. ಕಣ್ಣಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಬಿಡಿಸಿಕೊಂಡರೆ ಮಿಕ್ಕಿದ್ದು ಸಲೀಸು.

ಪ್ರಶ್ನೆ ಹೀಗಿದೆ: "ವಸ್ತುವನ್ನು ಕಣ್ಣಿನಿಂದ ದೂರ ಸರಿಸಿದಾಗ ಕಣ್ಣಿನಲ್ಲಿ ಪ್ರತಿಬಿಂಬದ ದೂರ ಏನಾಗುತ್ತದೆ?" ಅವಳು ಬರೆದಿದ್ದು: "ಪ್ರತಿಬಿಂಬದ ದೂರ ಕಡಿಮೆಯಾಗುತ್ತದೆ." ಸೊನ್ನೆ ಸಿಕ್ಕಿದೆ. ಆದರೆ ಈ ಉತ್ತರ ಗಾಜಿನ ಮಸೂರಕ್ಕೆ ನೂರಕ್ಕೆ ನೂರು ಸರಿ! ಹಿಂದಿನ ಪಾಠದಲ್ಲಿ ಕಲಿತದ್ದನ್ನು ಅವಳು ನಂಬಿ ಇಲ್ಲಿಗೆ ತಂದಿದ್ದಾಳೆ. ಗಾಜಿನ ಮಸೂರಕ್ಕೂ ಕಣ್ಣಿಗೂ ಇರುವ ಒಂದೇ ಒಂದು ವ್ಯತ್ಯಾಸವನ್ನು ಯಾರೂ ಅವಳಿಗೆ ಎದುರಿಗೆ ಇಟ್ಟು ತೋರಿಸಿದಂತಿಲ್ಲ.

ಮನೆಯಲ್ಲೇ ತೋರಿಸಬಹುದು. ಪುಸ್ತಕದ ಅಂಗಡಿಯಲ್ಲಿ ಸಿಗುವ ಭೂತಗನ್ನಡಿ ಒಂದು ಸಾಕು, ಅದೂ ಪೀನ ಮಸೂರವೇ. ನಾನು ಕ್ಲಾಸಿನಲ್ಲಿ 15 ಸೆಂ.ಮೀ. ಸಂಗಮ ದೂರದ ಮಸೂರ ಇಟ್ಟುಕೊಳ್ಳುತ್ತೇನೆ. ಕಿಟಕಿಯ ಎದುರಿನ ಗೋಡೆಯ ಹತ್ತಿರ ಒಂದು ಬಿಳಿ ಹಾಳೆ ಅಂಟಿಸಿದ ರಟ್ಟು ಹಿಡಿಯುವುದು. ಅದರ ಮುಂದೆ ಮಸೂರ ಹಿಡಿದು ಹಿಂದೆ ಮುಂದೆ ಸರಿಸುವುದು. 15 ಸೆಂ.ಮೀ.ಗೆ ಬಂದ ಕೂಡಲೇ ಕಿಟಕಿಯಾಚೆಯ ತೆಂಗಿನಮರ ಹಾಳೆಯ ಮೇಲೆ ಇಳಿಯುತ್ತದೆ. ಗರಿ ಕೆಳಗೆ, ಬುಡ ಮೇಲೆ. ಅಂಗೈಯಗಲದ ಬಣ್ಣದ ಸಿನಿಮಾ. ಗಾಳಿಗೆ ಗರಿ ಅಲ್ಲಾಡುವುದೂ ಕಾಣುತ್ತದೆ. ಎಷ್ಟು ಸಲ ಮಾಡಿದರೂ ಹಿಂದಿನ ಬೆಂಚಿನವರು ಎದ್ದು ಬರುತ್ತಾರೆ.

ಆಮೇಲೆ ಕಿಟಕಿ ಮುಚ್ಚಿ ಮೇಣದ ಬತ್ತಿ ಹಚ್ಚುವುದು. ಬತ್ತಿಯನ್ನು ಮಸೂರದಿಂದ 20 ಸೆಂ.ಮೀ. ದೂರದಲ್ಲಿಟ್ಟರೆ ಹಾಳೆಯ ಮೇಲೆ ಬರೀ ಮಸುಕು ಬೆಳಕಿನ ಮುದ್ದೆ. ರಟ್ಟನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಒಯ್ಯಬೇಕು. 60 ಸೆಂ.ಮೀ.ಗೆ ಹೋದಾಗ ತಲೆಕೆಳಗಾದ ದೊಡ್ಡ ಜ್ವಾಲೆ ಮೂಡುತ್ತದೆ. ಅಂದರೆ ವಸ್ತು ಹತ್ತಿರ ಬಂದರೆ ಪರದೆ ದೂರ ಹೋಗಬೇಕು, ವಸ್ತು ದೂರ ಹೋದರೆ ಪರದೆ ಹತ್ತಿರ ಬರಬೇಕು. ನಿಮ್ಮ ಮಗಳು ಬರೆದಿದ್ದು ಇದನ್ನೇ.

ಈಗ ರಟ್ಟನ್ನು 15 ಸೆಂ.ಮೀ.ನಲ್ಲೇ ಮೇಜಿಗೆ ಟೇಪ್ ಹಾಕಿ ಅಂಟಿಸಿಬಿಡಿ. ಮಸೂರವನ್ನೂ ಅಲುಗಿಸುವಂತಿಲ್ಲ, ಬತ್ತಿಯನ್ನೂ ಸರಿಸುವಂತಿಲ್ಲ. ಜ್ವಾಲೆ ಸ್ಪಷ್ಟವಾಗಿ ಕಾಣಬೇಕು, ಏನು ಮಾಡುತ್ತೀಯಾ ಅಂತ ಕೇಳಿ. ಸ್ವಲ್ಪ ಹೊತ್ತು ಯೋಚಿಸಿ ಮಕ್ಕಳೇ ಹೇಳುತ್ತಾರೆ: "ಮಸೂರವನ್ನೇ ಬದಲಾಯಿಸಬೇಕು, ಇನ್ನೂ ದಪ್ಪದ್ದು ಹಾಕಬೇಕು." ಕಣ್ಣು ಮಾಡುವುದು ಅಷ್ಟೇ. ರೆಟಿನಾ ಅನ್ನುವ ಪರದೆ ಕಣ್ಣುಗುಡ್ಡೆಯ ಹಿಂಗೋಡೆಗೆ ಅಂಟಿಕೊಂಡಿದೆ, ಅದು ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ಮಸೂರವೇ ದಪ್ಪ ತೆಳುವಾಗುತ್ತದೆ. ಸಂಗಮ ದೂರಕ್ಕೆ f, ಪ್ರತಿಬಿಂಬದ ದೂರಕ್ಕೆ v ಅನ್ನುತ್ತೇವೆ. ಗಾಜಿನ ಮಸೂರದಲ್ಲಿ f ಬದಲಾಗುವುದಿಲ್ಲ, v ಬದಲಾಗುತ್ತದೆ. ಕಣ್ಣಿನಲ್ಲಿ v ಬದಲಾಗುವುದಿಲ್ಲ, f ಬದಲಾಗುತ್ತದೆ. ಈ ಪಾಠದ ಯಾವ ಪ್ರಶ್ನೆ ಬಂದರೂ ಪೆನ್ನು ಇಡುವ ಮುಂಚೆ "ಇಲ್ಲಿ ಯಾವುದು ಗಟ್ಟಿ ನಿಂತಿದೆ, ಯಾವುದು ಸರಿಯುತ್ತಿದೆ?" ಅಂತ ಒಂದು ಸಲ ಕೇಳಿಕೊಳ್ಳಲಿ. (ಮೀನಿನ ಕಣ್ಣು ಬೇರೆ ದಾರಿ ಹಿಡಿದಿದೆ. ಅದು ಮಸೂರವನ್ನೇ ಹಿಂದೆ ಮುಂದೆ ಸರಿಸುತ್ತದೆ, ಕ್ಯಾಮೆರಾ ಹಾಗೆ. ಪರೀಕ್ಷೆಗೆ ಇದು ಬೇಡ, ಸುಮ್ನೆ ಹೇಳಿದೆ.)

ಎರಡು ಅಂಕಕ್ಕೆ ಬರೆಯಬೇಕಾದದ್ದು ಇಷ್ಟೇ: "ಪ್ರತಿಬಿಂಬದ ದೂರ ಬದಲಾಗುವುದಿಲ್ಲ, ಏಕೆಂದರೆ ಮಸೂರ ಮತ್ತು ರೆಟಿನಾದ ನಡುವಿನ ದೂರ ಸ್ಥಿರ. ವಸ್ತು ದೂರ ಹೋದಾಗ ಸಿಲಿಯರಿ ಸ್ನಾಯುಗಳು ಸಡಿಲಗೊಂಡು ಮಸೂರ ತೆಳುವಾಗುತ್ತದೆ, ಅದರ ಸಂಗಮ ದೂರ ಹೆಚ್ಚುತ್ತದೆ." ಮೊದಲ ವಾಕ್ಯ ಮಾತ್ರ ಬರೆದರೆ ಒಂದೇ ಅಂಕ. ಯಾಕೆ ಅನ್ನುವುದು ಎರಡನೇ ಅಂಕ.

ಎಷ್ಟು ಬದಲಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿಸಿ, ಆಮೇಲೆ ಅವಳು ಮರೆಯುವುದಿಲ್ಲ. ಕಣ್ಣುಗುಡ್ಡೆಯ ವ್ಯಾಸ ಸುಮಾರು 2.3 ಸೆಂ.ಮೀ. ಲೆಕ್ಕ ಸುಲಭವಾಗಲಿ ಅಂತ ಮಸೂರದಿಂದ ರೆಟಿನಾಗೆ ಅಷ್ಟೇ ದೂರ ಅಂದುಕೊಳ್ಳೋಣ. ದೂರದ ಗುಡ್ಡ ನೋಡುವಾಗ ಕಿರಣಗಳು ಸಮಾಂತರವಾಗಿ ಬರುತ್ತವೆ, ಆದ್ದರಿಂದ f ಕೂಡ 2.3 ಸೆಂ.ಮೀ. ಅದೇ ಕಣ್ಣು 25 ಸೆಂ.ಮೀ. ದೂರದ ಪುಸ್ತಕ ಓದಬೇಕಾದರೆ:

1/f = 1/2.3 + 1/25, ಅಂದರೆ f ≈ 2.1 ಸೆಂ.ಮೀ.

ಗುಡ್ಡದಿಂದ ಪುಸ್ತಕಕ್ಕೆ ಬರಲು ಸಂಗಮ ದೂರ 2 ಮಿಲಿಮೀಟರ್ ಕಡಿಮೆಯಾದರೆ ಸಾಕು! ಇದು ಕಣ್ಣನ್ನು ಒಂದೇ ತೆಳು ಮಸೂರ ಅಂತ ಭಾವಿಸಿ ಹಾಕಿದ ಲೆಕ್ಕ. ನಿಜವಾದ ಕಣ್ಣಿನೊಳಗೆ ದ್ರವ ತುಂಬಿದೆ, ಬೆಳಕು ಹಲವು ಕಡೆ ಬಾಗುತ್ತದೆ, ಹಾಗಾಗಿ ಅಂಕಿ ಸ್ವಲ್ಪ ಬೇರೆ. ಆದರೆ ಹತ್ತಿರ ನೋಡಲು ಬೇಕಾಗುವ ಹೆಚ್ಚುವರಿ ಸಾಮರ್ಥ್ಯ ಎರಡು ಕಡೆಯೂ ಒಂದೇ: 100/25, ಅಂದರೆ 4 ಡಯಾಪ್ಟರ್. ಕನ್ನಡಕದ ಪವರ್ ಅಳೆಯುವುದೂ ಇದೇ ಮಾನದಲ್ಲಿ. ನಲವತ್ತು ದಾಟಿದವರಿಗೆ ಚಾಳೀಸು ಬಂತು ಅನ್ನುತ್ತೇವಲ್ಲ, ಈ 4 ಡಯಾಪ್ಟರ್ ಒದಗಿಸಲು ಮಸೂರಕ್ಕೆ ಶಕ್ತಿ ಸಾಲದಾಗುತ್ತದೆ ಅಂತಲೇ ಅದರ ಅರ್ಥ. ಮಸೂರ ವಯಸ್ಸಾದಂತೆ ಬಿರುಸಾಗಿ ಉಬ್ಬಲು ಒಪ್ಪುವುದಿಲ್ಲ.

ಸಿಲಿಯರಿ ಸ್ನಾಯುವಿನ ವಿಷಯದಲ್ಲಿ ಮಕ್ಕಳು ತಲೆಕೆಳಗು ಮಾಡುವುದು ಜಾಸ್ತಿ. ನಿಮ್ಮ ಮಗಳೂ ಇನ್ನೊಂದು ಕಡೆ "ಸ್ನಾಯು ಸಂಕುಚಿಸಿದಾಗ ಮಸೂರ ಎಳೆಯಲ್ಪಟ್ಟು ತೆಳುವಾಗುತ್ತದೆ" ಅಂತ ಬರೆದಿದ್ದಾಳೆ. ಹಾಗೆ ಅನಿಸುವುದು ಸಹಜ. ಸ್ನಾಯು ಬಿಗಿಯಾದರೆ ಎಳೆಯಬೇಕು ತಾನೇ? ವಿಷಯ ಏನೆಂದರೆ ಸ್ನಾಯು ಮಸೂರಕ್ಕೆ ನೇರವಾಗಿ ಅಂಟಿಲ್ಲ. ಅದು ಮಸೂರದ ಸುತ್ತ ಬಳೆಯ ಹಾಗೆ ಇದೆ, ಬಳೆಗೂ ಮಸೂರಕ್ಕೂ ನಡುವೆ ಸಣ್ಣ ಸಣ್ಣ ಎಳೆಗಳಿವೆ. ನೀರು ತುಂಬಿದ ಬಲೂನಿಗೆ ಸುತ್ತಲೂ ದಾರ ಕಟ್ಟಿ ಆರು ಮಕ್ಕಳು ವೃತ್ತದಲ್ಲಿ ನಿಂತು ಹಿಡಿದಿದ್ದಾರೆ ಅಂದುಕೊಳ್ಳಿ. ಎಲ್ಲರೂ ಹಿಂದೆ ನಿಂತಿದ್ದರೆ ದಾರ ಬಿಗಿ, ಬಲೂನು ಚಪ್ಪಟೆ. ಎಲ್ಲರೂ ಒಂದು ಹೆಜ್ಜೆ ಒಳಗೆ ಬಂದರೆ ದಾರ ಸಡಿಲ, ಬಲೂನು ತಾನಾಗಿ ಗುಂಡಗಾಗುತ್ತದೆ. ಸ್ನಾಯು ಸಂಕುಚಿಸುವುದು ಅಂದರೆ ಬಳೆ ಕಿರಿದಾಗುವುದು, ಮಕ್ಕಳು ಒಳಗೆ ಬರುವುದು. ಆದ್ದರಿಂದ ಸ್ನಾಯು ಸಂಕುಚಿಸಿದರೆ ಮಸೂರ ದಪ್ಪ, ಸಂಗಮ ದೂರ ಕಡಿಮೆ, ಹತ್ತಿರದ ವಸ್ತು ಸ್ಪಷ್ಟ. ಅನುಮಾನ ಬಂದರೆ ಪರೀಕ್ಷಾ ಕೊಠಡಿಯಲ್ಲೇ ಹೆಬ್ಬೆರಳನ್ನು ಮೂಗಿನ ಹತ್ತಿರ ತಂದು ನೋಡಲಿ. ಹತ್ತಿರ ನೋಡುವಾಗಲೇ ಕಣ್ಣಿಗೆ ಕೆಲಸ, ಕಿಟಕಿಯಾಚೆ ನೋಡಿದರೆ ವಿಶ್ರಾಂತಿ.

ಇನ್ನು ಸೊನ್ನೆ ಬಂದಿರುವ ಮಸೂರದ ಲೆಕ್ಕ. 15 ಸೆಂ.ಮೀ. ಸಂಗಮ ದೂರದ ಪೀನ ಮಸೂರ, 2 ಸೆಂ.ಮೀ. ಎತ್ತರದ ವಸ್ತು 20 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬದ ಸ್ಥಾನ ಮತ್ತು ಗಾತ್ರ ಕಂಡುಹಿಡಿಯಿರಿ. ಮೇಲಿನ ಮೇಣದ ಬತ್ತಿಯದೇ ಲೆಕ್ಕ. ಅವಳು ದತ್ತಾಂಶದಲ್ಲಿ ವಸ್ತುವಿನ ದೂರ u = −20 ಅಂತ ಸರಿಯಾಗೇ ಬರೆದಿದ್ದಾಳೆ. ಮುಂದಿನ ಸಾಲಿನಲ್ಲಿ ಹೀಗೆ ಮಾಡಿದ್ದಾಳೆ:

1/v − 1/20 = 1/15

ಮಸೂರದ ಸೂತ್ರ 1/v − 1/u = 1/f. ಸೂತ್ರದಲ್ಲಿ ಒಂದು ಋಣ ಚಿಹ್ನೆ ಇದೆ, u ಒಳಗೆ ಇನ್ನೊಂದಿದೆ. ಎರಡನ್ನೂ ಒಂದೇ ಅಂತ ತಿಳಿದು ಒಂದನ್ನು ನುಂಗಿಬಿಟ್ಟಿದ್ದಾಳೆ. ಇದರಿಂದ v = 8.6 ಸೆಂ.ಮೀ. ಬಂದಿದೆ. ಆವರಣ ಹಾಕಿ ಬರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ:

1/v − 1/(−20) = 1/15
1/v = 1/15 − 1/20 = 1/60
v = +60 ಸೆಂ.ಮೀ.

ವರ್ಧನೆ m = v/u = 60/(−20) = −3. ಪ್ರತಿಬಿಂಬದ ಎತ್ತರ 2 × (−3) = −6 ಸೆಂ.ಮೀ. ಕೊನೆಯಲ್ಲಿ ಒಂದು ವಾಕ್ಯ: "ಪ್ರತಿಬಿಂಬ ಮಸೂರದ ಇನ್ನೊಂದು ಬದಿಯಲ್ಲಿ 60 ಸೆಂ.ಮೀ. ದೂರದಲ್ಲಿದೆ, ಸತ್ಯ, ತಲೆಕೆಳಗಾದದ್ದು, ಮೂರು ಪಟ್ಟು ದೊಡ್ಡದು." v ಧನ ಅಂದರೆ ಆ ಕಡೆ, ಋಣ ಅಂದರೆ ವಸ್ತು ಇರುವ ಕಡೆಯೇ. m ಋಣ ಅಂದರೆ ತಲೆಕೆಳಗು, ಧನ ಅಂದರೆ ನೇರ. ಚಿಹ್ನೆಯನ್ನು ಮಾತಿಗೆ ಇಳಿಸದೆ ಬಿಟ್ಟರೆ ಮೌಲ್ಯಮಾಪನ ಮಾಡುವವರು ಕೈ ಬಿಗಿ ಹಿಡಿಯುತ್ತಾರೆ. ನಾನೂ ಹಿಡಿದಿದ್ದೇನೆ.

8.6 ತಪ್ಪು ಅಂತ ಉತ್ತರದ ಪಟ್ಟಿ ನೋಡದೆಯೇ ಗೊತ್ತಾಗಬೇಕಿತ್ತು. ತೆಂಗಿನಮರವನ್ನು ನೆನಪಿಸಿಕೊಳ್ಳಿ. ತುಂಬಾ ದೂರದ ವಸ್ತುವಿನ ಪ್ರತಿಬಿಂಬ 15 ಸೆಂ.ಮೀ.ನಲ್ಲಿ ಬೀಳುತ್ತದೆ, ವಸ್ತು ಹತ್ತಿರ ಬಂದಂತೆ ಅದು ಇನ್ನೂ ಹಿಂದಕ್ಕೇ ಹೋಗುತ್ತದೆ. ಹಾಗಾದರೆ ಪರದೆಯ ಮೇಲೆ ಬೀಳುವ ಯಾವ ಪ್ರತಿಬಿಂಬವೂ ಸಂಗಮ ದೂರಕ್ಕಿಂತ ಹತ್ತಿರ ಬರಲು ಸಾಧ್ಯವೇ ಇಲ್ಲ. f 15 ಇರುವಾಗ v ಧನ 8.6 ಅಂತ ಬಂತೆಂದರೆ ಚಿಹ್ನೆ ಎಡವಟ್ಟಾಗಿದೆ, ಹಿಂದಕ್ಕೆ ಹೋಗಿ ನೋಡಬೇಕು. ಹತ್ತು ಸೆಕೆಂಡಿನ ಕೆಲಸ. ದರ್ಪಣದ ಸೂತ್ರ 1/v + 1/u = 1/f ತಂದು ಮಸೂರಕ್ಕೆ ಹಾಕುವವರಿಗೂ ಇದೇ 8.6ರ ಬದಲು ಇಂಥದ್ದೇ ಇನ್ನೊಂದು ಅಸಾಧ್ಯ ಉತ್ತರ ಬರುತ್ತದೆಯೇ ಅಂತ ಅವಳೇ ಮಾಡಿ ನೋಡಲಿ. u = −20 ಇಟ್ಟರೆ ಅಲ್ಲೂ 8.6 ಬರುತ್ತದೆ! ಎರಡು ಬೇರೆ ತಪ್ಪು, ಒಂದೇ ಉತ್ತರ.

ಅದೇ ವಸ್ತುವನ್ನು 10 ಸೆಂ.ಮೀ.ಗೆ ತಂದರೆ ಏನಾಗುತ್ತದೆ ಅಂತಲೂ ಮಾಡಿಸಿ. 1/v = 1/15 − 1/10 = −1/30. v = −30, m = +3. ಈಗಲೂ ಮೂರು ಪಟ್ಟು ದೊಡ್ಡದೇ, ಆದರೆ ನೇರ, ಮಿಥ್ಯ, ಪರದೆಯ ಮೇಲೆ ಹಿಡಿಯಲು ಬರುವುದಿಲ್ಲ. ಭೂತಗನ್ನಡಿಯಲ್ಲಿ ಅಕ್ಷರ ದೊಡ್ಡದಾಗಿ ಕಾಣುವುದು ಇದೇ ಸ್ಥಿತಿಯಲ್ಲಿ. ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿದರೆ ಚಿಹ್ನೆ ಅನ್ನುವುದು ಬರೀ ಗೆರೆ ಅಲ್ಲ, ಅರ್ಧ ಉತ್ತರವೇ ಅದರಲ್ಲಿದೆ ಅಂತ ಅವಳಿಗೇ ಹೊಳೆಯುತ್ತದೆ.

ನೀರಿನ ತಳದಲ್ಲಿರುವ ನಾಣ್ಯ ಯಾಕೆ ಮೇಲೆ ಬಂದಂತೆ ಕಾಣುತ್ತದೆ ಅನ್ನುವ ಪ್ರಶ್ನೆಗೆ ಅರ್ಧ ಅಂಕ ಸಿಕ್ಕಿದೆ. "ನೀರಿನಲ್ಲಿ ಬೆಳಕು ಬಾಗುವುದರಿಂದ ನಾಣ್ಯ ಮೇಲೆ ಬಂದಂತೆ ಕಾಣುತ್ತದೆ" ಅಂತ ಬರೆದಿದ್ದಾಳೆ. ನೀರಿನ ಒಳಗೆ ಬೆಳಕು ನೆಟ್ಟಗೇ ಹೋಗುತ್ತದೆ, ಬಾಗುವುದು ನೀರು ಮುಗಿದು ಗಾಳಿ ಶುರುವಾಗುವ ಮೇಲ್ಮೈಯಲ್ಲಿ ಮಾತ್ರ. ಇನ್ನೊಂದು ತಪ್ಪು ಚಿತ್ರದಲ್ಲಿದೆ: ಬಾಣವನ್ನು ಕಣ್ಣಿನಿಂದ ನಾಣ್ಯದ ಕಡೆಗೆ ಹಾಕಿದ್ದಾಳೆ. ನಾವು "ನೋಟ ಹಾಯಿಸುತ್ತೇವೆ" ಅನ್ನುತ್ತೇವಲ್ಲ, ಅದರ ಪ್ರಭಾವ ಇರಬೇಕು! ಬೆಳಕು ಬರುವುದು ನಾಣ್ಯದಿಂದ ಕಣ್ಣಿಗೆ. ಬಾಣ ತಿರುಗಿಸಿದರೆ ಉತ್ತರವೂ ದಾರಿಗೆ ಬರುತ್ತದೆ. ನಾಣ್ಯದಿಂದ ಹೊರಟ ಕಿರಣ ನೀರಿನಿಂದ ಗಾಳಿಗೆ, ಅಂದರೆ ಸಾಂದ್ರ ಮಾಧ್ಯಮದಿಂದ ವಿರಳ ಮಾಧ್ಯಮಕ್ಕೆ ಬರುವಾಗ ಲಂಬದಿಂದ ದೂರಕ್ಕೆ ಬಾಗುತ್ತದೆ. ಕಣ್ಣಿಗೆ ಬಂದು ತಲುಪಿದ ಕಿರಣಗಳನ್ನು ನೇರವಾಗಿ ಹಿಂದಕ್ಕೆ ಎಳೆದರೆ ಅವು ನಾಣ್ಯಕ್ಕಿಂತ ಮೇಲೆ ಸೇರುತ್ತವೆ, ನಾಣ್ಯ ಅಲ್ಲೇ ಇದ್ದಂತೆ ಕಾಣುತ್ತದೆ. ಎಲ್ಲಿ ಬಾಗಿತು, ಯಾವ ಕಡೆ ಬಾಗಿತು, ಹಿಂದಕ್ಕೆ ಎಳೆದಾಗ ಎಲ್ಲಿ ಸೇರಿತು. ಈ ಮೂರೂ ಇರಬೇಕು. ನೀರಿನ ವಕ್ರೀಭವನ ಸೂಚ್ಯಂಕ 1.33 ಇರುವುದರಿಂದ ಮೇಲಿನಿಂದ ನೇರವಾಗಿ ನೋಡಿದರೆ 12 ಸೆಂ.ಮೀ. ಆಳದ ನಾಣ್ಯ ಸುಮಾರು 9 ಸೆಂ.ಮೀ.ನಲ್ಲೇ ಇದ್ದಂತೆ ಕಾಣುತ್ತದೆ. ಹಳ್ಳದ ಆಳ ಕಣ್ಣಂದಾಜಿನಲ್ಲಿ ನಂಬಬೇಡ ಅಂತ ಹಿರಿಯರು ಹೇಳುವುದು ಇದಕ್ಕೇ.

ನೀರಿನ ಮಾತು ಬಂದದ್ದಕ್ಕೆ ಒಂದು ಅಂಕದ ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇನೆ. "ಕಣ್ಣಿನಲ್ಲಿ ಬೆಳಕಿನ ವಕ್ರೀಭವನ ಅತಿ ಹೆಚ್ಚು ಆಗುವುದು ಎಲ್ಲಿ?" ಅನ್ನುವುದಕ್ಕೆ ಅವಳು "ಮಸೂರದಲ್ಲಿ" ಅಂದಿದ್ದಾಳೆ. ಸರಿಯುತ್ತರ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹೊರ ಮೇಲ್ಮೈ. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್, ಅದರಲ್ಲಿ 40ಕ್ಕಿಂತ ಹೆಚ್ಚು ಕಾರ್ನಿಯಾದ್ದು. ಮಸೂರದ ಕೆಲಸ ಕೊನೆಯ ಹದ ಮಾಡುವುದು. ಇದನ್ನು ನಂಬದ ಮಕ್ಕಳಿಗೆ ನಾನು ಬಾವಿಯಲ್ಲಿ ಈಜಿದವರು ಯಾರು ಅಂತ ಕೇಳುತ್ತೇನೆ. ನೀರಿನೊಳಗೆ ಕಣ್ಣು ಬಿಟ್ಟರೆ ಎಲ್ಲಾ ಮಸುಕು ಮಸುಕು, ಅಲ್ವಾ? ಬೆಳಕು ಬಾಗಬೇಕಾದರೆ ಎರಡು ಮಾಧ್ಯಮಗಳ ನಡುವೆ ವ್ಯತ್ಯಾಸ ಬೇಕು. ಗಾಳಿಯ ಸೂಚ್ಯಂಕ 1.00, ಕಾರ್ನಿಯಾದ್ದು ಸುಮಾರು 1.38. ಗಾಳಿಯಿಂದ ಬಂದ ಬೆಳಕು ಅಲ್ಲಿ ಚೆನ್ನಾಗಿ ಬಾಗುತ್ತದೆ. ನೀರಿನದು 1.33, ಕಾರ್ನಿಯಾಗೂ ಅದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಹಾಗಾಗಿ ನೀರಿನೊಳಗೆ ಕಾರ್ನಿಯಾ ಇದ್ದೂ ಇಲ್ಲದ ಹಾಗೆ. ಮಸೂರ ಎಷ್ಟು ಉಬ್ಬಿದರೂ ಆ ಕೊರತೆ ತುಂಬಲಾರದು. ಈಜುವ ಗಾಗಲ್ಸ್ ಹಾಕಿದರೆ ಕಣ್ಣಿನ ಮುಂದೆ ಮತ್ತೆ ಗಾಳಿ ಬರುತ್ತದೆ, ತಕ್ಷಣ ಎಲ್ಲಾ ಸ್ಪಷ್ಟ.

ರೆಟಿನಾದ ಮೇಲೆ ಪ್ರತಿಬಿಂಬ ಸತ್ಯ, ತಲೆಕೆಳಗಾದದ್ದು, ಚಿಕ್ಕದು ಅಂತ ಅವಳು ಸರಿಯಾಗಿ ಬರೆದಿದ್ದಾಳೆ. ಇದನ್ನು ಕೆಪ್ಲರ್ 1604ರಲ್ಲೇ ವಿವರಿಸಿದ್ದ. ಮತ್ತೆ ನಾವು ಲೋಕವನ್ನು ನೇರವಾಗಿ ಕಾಣುವುದು ಹೇಗೆ ಅಂದರೆ, ದೃಷ್ಟಿ ನರ ತರುವ ಸಂಕೇತವನ್ನು ಮೆದುಳು ಅರ್ಥ ಮಾಡಿಕೊಳ್ಳುತ್ತದೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಇನ್ನು ಕನ್ನಡಕ. ಇಲ್ಲಿ ಲೆಕ್ಕಕ್ಕಿಂತ ಮುಂಚೆ ಹೆಸರೇ ಕಾಲು ಹಿಡಿದು ಎಳೆಯುತ್ತದೆ. "ಸಮೀಪದೃಷ್ಟಿ ದೋಷ" ಅಂದರೆ ಹತ್ತಿರದ್ದು ಕಾಣದ ದೋಷ ಅಂತ ಮಕ್ಕಳು ತಿಳಿಯುತ್ತಾರೆ. ಕನ್ನಡ ಗೊತ್ತಿರುವ ಯಾರಿಗಾದರೂ ಹಾಗೆ ಅನಿಸಬೇಕಾದದ್ದೇ, ನನಗೆ ಈ ಹೆಸರಿನ ಮೇಲೆ ಮೊದಲಿಂದಲೂ ಸಿಟ್ಟಿದೆ. ಅದನ್ನು "ಸಮೀಪ ಮಾತ್ರ ಕಾಣುವ ದೋಷ" ಅಂತ ಓದಿಕೊಳ್ಳಲು ಹೇಳಿ. ಹತ್ತಿರದ್ದು ಕಾಣುತ್ತದೆ, ಬೋರ್ಡ್ ಕಾಣುವುದಿಲ್ಲ. ಅದೇ ರೀತಿ ದೂರದೃಷ್ಟಿ ದೋಷ ಅಂದರೆ ದೂರದ್ದು ಕಾಣುತ್ತದೆ, ಪುಸ್ತಕ ಕಾಣುವುದಿಲ್ಲ. ಹೆಸರಿನಲ್ಲಿ ಇರುವುದು ಕಾಣುವ ಜಾಗ.

ಪರೀಕ್ಷೆಯ ಪ್ರಶ್ನೆ: "ಒಬ್ಬ ವ್ಯಕ್ತಿಗೆ 50 ಸೆಂ.ಮೀ.ಗಿಂತ ಆಚೆಯ ವಸ್ತುಗಳು ಸ್ಪಷ್ಟವಾಗಿ ಕಾಣುವುದಿಲ್ಲ. ದೋಷ ಯಾವುದು? ಬೇಕಾದ ಮಸೂರದ ಸಾಮರ್ಥ್ಯ ಎಷ್ಟು?" ಅವಳು u = −50 ಅಂತ ಶುರು ಮಾಡಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾಳೆ. ಇಲ್ಲೂ ಯಾವುದು ಗಟ್ಟಿ ಅಂತ ಕೇಳಬೇಕು. ಈ ವ್ಯಕ್ತಿಯ ಕಣ್ಣು ಬದಲಾಗುವುದಿಲ್ಲ, ಅದಕ್ಕೆ 50 ಸೆಂ.ಮೀ.ವರೆಗೆ ಮಾತ್ರ ಕಾಣುತ್ತದೆ. ಕನ್ನಡಕದ ಕೆಲಸ ಕಣ್ಣನ್ನು ರಿಪೇರಿ ಮಾಡುವುದಲ್ಲ, ದೂರದ ವಸ್ತುವಿನ ಮಿಥ್ಯ ಪ್ರತಿಬಿಂಬವನ್ನು ತಂದು ಆ 50 ಸೆಂ.ಮೀ.ನಲ್ಲಿ ಇಡುವುದು. ಕಣ್ಣು ನೋಡುವುದು ಆ ಪ್ರತಿಬಿಂಬವನ್ನು. ಹಾಗಾಗಿ ವಸ್ತು ಅನಂತ ದೂರದಲ್ಲಿದೆ, 1/u ಸೊನ್ನೆ. ಪ್ರತಿಬಿಂಬ ವಸ್ತುವಿರುವ ಕಡೆಯೇ 50 ಸೆಂ.ಮೀ.ನಲ್ಲಿ, v = −50.

1/f = 1/(−50) − 0
f = −50 ಸೆಂ.ಮೀ.
P = 100/f = 100/(−50) = −2 ಡಯಾಪ್ಟರ್

ಉತ್ತರ: ಸಮೀಪದೃಷ್ಟಿ ದೋಷ, ನಿಮ್ನ ಮಸೂರ, −2 ಡಯಾಪ್ಟರ್.

ಈಗ ಅದೇ 50 ಸೆಂ.ಮೀ. ಇಟ್ಟುಕೊಂಡು ಪ್ರಶ್ನೆಯನ್ನು ತಿರುಗಿಸಿ. ಇನ್ನೊಬ್ಬರಿಗೆ 50 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ, 25 ಸೆಂ.ಮೀ.ನಲ್ಲಿ ಪುಸ್ತಕ ಓದಬೇಕು. ಇಲ್ಲಿ ವಸ್ತು ಪುಸ್ತಕ, u = −25. ಅದರ ಪ್ರತಿಬಿಂಬವನ್ನು ಕಣ್ಣಿಗೆ ಕಾಣುವ ಜಾಗಕ್ಕೆ ತಳ್ಳಬೇಕು, v = −50.

1/f = 1/(−50) − 1/(−25) = −1/50 + 1/25 = 1/50
f = +50 ಸೆಂ.ಮೀ., P = +2 ಡಯಾಪ್ಟರ್

ಎರಡರಲ್ಲೂ v = −50. ಯಾಕೆಂದರೆ ಎರಡು ಕಣ್ಣಿಗೂ ಪ್ರತಿಬಿಂಬ ಬೇಕಾಗಿರುವುದು 50 ಸೆಂ.ಮೀ.ನಲ್ಲೇ. ಬದಲಾಗಿದ್ದು u ಮಾತ್ರ. ದೂರದ್ದನ್ನು ಹತ್ತಿರಕ್ಕೆ ತರಲು ನಿಮ್ನ ಮಸೂರ, ಹತ್ತಿರದ್ದನ್ನು ದೂರಕ್ಕೆ ತಳ್ಳಲು ಪೀನ ಮಸೂರ. ಕಣ್ಣಿಗೆ ಕಾಣುವ ಜಾಗ v, ನೋಡಬೇಕಾದ ಜಾಗ u. ಇಷ್ಟು ಗೊತ್ತಿದ್ದರೆ u ಎಲ್ಲಿ, v ಎಲ್ಲಿ ಅನ್ನುವ ಗೊಂದಲ ಇರುವುದಿಲ್ಲ. (ಎರಡನೆಯದರಲ್ಲೂ 2 ಬಂದದ್ದು ಸಂಖ್ಯೆಗಳ ಕಾಕತಾಳೀಯ. 50ರ ಬದಲು 100 ಹಾಕಿದರೆ −1 ಮತ್ತು +3 ಬರುತ್ತದೆ. ಹಾಗಾಗಿ ಅಡ್ಡದಾರಿ ಕಂಡಿತು ಅಂತ ಹಿಗ್ಗಬೇಡಿ.)

ಸಾಮರ್ಥ್ಯದ ಲೆಕ್ಕದಲ್ಲಿ ಸೆಂಟಿಮೀಟರನ್ನು ಮೀಟರಿಗೆ ತರದೆ 1/(−50) = −0.02 ಡಯಾಪ್ಟರ್ ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಕನ್ನಡಕದ ಪವರ್ ಸಾಮಾನ್ಯವಾಗಿ 0.25ರ ಮೆಟ್ಟಿಲಿನಲ್ಲಿ ಹೋಗುತ್ತದೆ: 0.25, 0.50, 0.75, ಹೀಗೆ. 0.02ರ ಕನ್ನಡಕ ಯಾವ ಅಂಗಡಿಯಲ್ಲೂ ಇಲ್ಲ.

ಅವಳ −1.25 ಇದೆಯಲ್ಲ, ಅದರ ಮೇಲೇ ಈ ಪಾಠ ಮಾಡಿ. ಮೊದಲು ಕನ್ನಡಕವನ್ನು ಕಣ್ಣಿನಿಂದ ಒಂದು ಗೇಣು ಮುಂದೆ ಹಿಡಿದು, ಅದರ ಮೂಲಕ ದಿನಪತ್ರಿಕೆಯ ಅಕ್ಷರ ನೋಡಲಿ. ಅಕ್ಷರ ಸ್ವಲ್ಪ ಚಿಕ್ಕದಾಗಿ, ನೇರವಾಗಿ ಕಾಣುತ್ತದೆ. ಕನ್ನಡಕವನ್ನು ಪಕ್ಕಕ್ಕೆ ಸರಿಸಿದರೆ ಅಕ್ಷರವೂ ಅದೇ ಕಡೆ ಸರಿಯುತ್ತದೆ. ಮನೆಯಲ್ಲಿ ಅಜ್ಜಿಯ ಓದುವ ಕನ್ನಡಕ ಇದ್ದರೆ ಅದರಲ್ಲಿ ಎರಡೂ ಉಲ್ಟಾ: ಅಕ್ಷರ ದೊಡ್ಡದು, ಸರಿಯುವುದು ಎದುರು ದಿಕ್ಕಿಗೆ. ನಿಮ್ನ ಯಾವುದು, ಪೀನ ಯಾವುದು ಅಂತ ಮುಟ್ಟಿ ನೋಡುವ ಅಗತ್ಯವೇ ಇಲ್ಲ.

ಆಮೇಲೆ ಲೆಕ್ಕವನ್ನು ಹಿಂದುಮುಂದು ಮಾಡಿಸಿ. P = −1.25, f = 100/(−1.25) = −80 ಸೆಂ.ಮೀ. ಅಂದರೆ ಕನ್ನಡಕ ಇಲ್ಲದೆ ಅವಳ ದೂರ ಬಿಂದು ಸುಮಾರು 80 ಸೆಂ.ಮೀ. ಟೈಲರ್ ಟೇಪ್ ತೆಗೆದುಕೊಳ್ಳಿ. ಅವಳು ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ ಕೂರಲಿ, ಕಣ್ಣು ಕಿರಿದು ಮಾಡದೆ ನೋಡಲಿ. ನೀವು ಸಣ್ಣ ಅಕ್ಷರದ ಪುಟ ಹಿಡಿದು ನಿಧಾನವಾಗಿ ಹಿಂದಕ್ಕೆ ಹೋಗಿ. ಅಕ್ಷರದ ಅಂಚು ಮೊದಲು ಕದಡುವ ಜಾಗದಲ್ಲಿ ನಿಂತು ಅಳೆಯಿರಿ. 70ರಿಂದ 90ರೊಳಗೆ ಎಲ್ಲಾದರೂ ಬರಬಹುದು. ಚೀಟಿಯಲ್ಲಿ ಸಿಲಿಂಡರ್ ಪವರ್ ಕೂಡ ಬರೆದಿದ್ದರೆ, ಅಥವಾ ಪವರ್ ಈಚೆಗೆ ಬದಲಾಗಿದ್ದರೆ ಇನ್ನೂ ಆಚೀಚೆ ಆಗುತ್ತದೆ. ತೀರಾ ಕಡಿಮೆ, 50ರ ಹತ್ತಿರ ಬಂತೆಂದರೆ ಮಾತ್ರ ಪರೀಕ್ಷೆಯ ಅಂಕಕ್ಕಿಂತ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ಬೋರ್ಡಿನ ಮೇಲಿದ್ದ ಋಣ ಚಿಹ್ನೆಯೇ ಅವಳಿಗೆ ಕಾಣದೇ ಇದ್ದಿರಬಹುದು.